ಗಾಜಿನಲ್ಲಿ ನಿಂತಿದ್ದ ನಾನು

ನಮ್ಮ ಮಾಮ ಕಾಸರಗೋಡಿನಲ್ಲಿ ಮೂವತ್ತು ವರ್ಷ ನಡೆಸಿದ ಟೈಲರ್ ಅಂಗಡಿಯನ್ನು ಕಳೆದ ವರ್ಷ ಮುಚ್ಚಿದರು. ಕೀ ಕೊಡುವ ಎರಡು ದಿನ ಮೊದಲು ನನ್ನನ್ನು ಕರೆದು, "ಮಗಾ, ಗಾಜಿನೊಳಗೆ ಇಟ್ಟಿರುವ ಮದುವೆಯ ಕೋಟು ಮತ್ತು ಗೌನಿನದ್ದೊಂದು ಒಳ್ಳೆಯ ಫೋಟೋ ತೆಗೆದುಕೊಡು" ಎಂದರು. ಅವೆರಡೂ ಅವರು ಕೊನೆಯದಾಗಿ ಹೊಲಿದ ಬಟ್ಟೆಗಳು.

ನಾನು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಗಾಜಿನ ಎದುರು ನಿಂತು ಕ್ಲಿಕ್ ಮಾಡಿದೆ. ಮಾಮ ಫೋಟೋ ನೋಡಿ ನಕ್ಕರು. "ಕೋಟು ಎಲ್ಲಿ? ನೀನೇ ನಿಂತಿದ್ದೀಯಲ್ಲ!" ನನ್ನ ಬಿಳಿ ಅಂಗಿ ಕಪ್ಪು ಕೋಟಿನ ಎದೆಯ ಮೇಲೆ ಸರಿಯಾಗಿ ಕೂತಿತ್ತು.

ಕಂಪ್ಯೂಟರಿನಲ್ಲಿ ಅಳಿಸಿದರಾಯಿತು ಎಂದುಕೊಂಡೆ. ಪಕ್ಕದ ಬಟ್ಟೆಯನ್ನು ನಕಲು ಮಾಡಿ ಕಲೆ ಮುಚ್ಚುವ ಉಪಕರಣದಿಂದ ಒಂದು ಗಂಟೆ ಉಜ್ಜಿದೆ. ಅಂಗಿ ಮಾಯವಾಯಿತು. ಸಂಜೆ ಮಾಮ ಅದನ್ನು ನೋಡಿ ಸುಮ್ಮನಾದರು. ಆಮೇಲೆ ಹೇಳಿದರು, "ನಾನು ಇಟ್ಟದ್ದು ಮೂರು ಗುಂಡಿ. ಇಲ್ಲಿ ಎರಡೇ ಇದೆ." ಅಂಗಿಯ ಜೊತೆಗೆ ಒಂದು ಗುಂಡಿಯನ್ನೂ ಕಾಲರಿನ ಹೊಲಿಗೆಯನ್ನೂ ನಾನು ಅಳಿಸಿಬಿಟ್ಟಿದ್ದೆ.

ರಾತ್ರಿ ಮೊದಲಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಿಳಿ ಅಂಗಿ ಬಿದ್ದ ಜಾಗದಲ್ಲಿ ಕೋಟು ಮಸುಕಾಗಿತ್ತು. ಆದರೆ ನನ್ನ ಕಪ್ಪು ಪ್ಯಾಂಟು ಬಿದ್ದ ಜಾಗದಲ್ಲಿ ಕೋಟಿನ ಅಂಚು ಇಡೀ ಫೋಟೋದಲ್ಲೇ ಹೆಚ್ಚು ಸ್ಪಷ್ಟವಾಗಿತ್ತು! ಮಾಮೂಲಿ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 8 ಪ್ರತಿಶತವನ್ನು ಹಿಂದಕ್ಕೆ ಕಳಿಸುತ್ತದೆ. ಆ ಬೆಳಕು ಒಳಗಿನ ದೃಶ್ಯದ ಮೇಲೆ ಬಂದು ಸೇರುತ್ತದೆ. ಅಂದರೆ ಪ್ರತಿಬಿಂಬ ಬೆಳಕನ್ನು ಕೂಡಿಸುತ್ತದೆಯೇ ಹೊರತು ಏನನ್ನೂ ಕಳೆಯುವುದಿಲ್ಲ. ಕಪ್ಪು ವಸ್ತುವಿನಿಂದ ಬೆಳಕು ಬರುವುದೇ ಕಡಿಮೆ, ಹಾಗಾಗಿ ಅಲ್ಲಿ ಗಾಜು ಇಲ್ಲದ ಹಾಗೆ ಕಾಣುತ್ತದೆ. ಅಳಿಸುವುದಕ್ಕಿಂತ ಕಪ್ಪನ್ನು ಹರಡುವುದೇ ದಾರಿ ಎಂದು ಗೊತ್ತಾಯಿತು.

ಮರುದಿನ ಸಂಜೆ ಬೀದಿ ಮಬ್ಬಾಗುವವರೆಗೆ ಕಾದೆವು. ಒಳಗಿನ ದೀಪ ಹಾಕಿದೆವು. ಹೊರಗಿನ ಬೆಳಕು ಇಳಿದಷ್ಟೂ ಆ 8 ಪ್ರತಿಶತವೂ ಕ್ಷೀಣವಾಗುತ್ತದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿದೆ. ಹೊಳಪಿಲ್ಲದ ಕಪ್ಪು ಬಟ್ಟೆಯನ್ನು ಮಾಮನೇ ಕೊಟ್ಟರು. ಅದರಲ್ಲಿ ಲೆನ್ಸ್ ತೂರುವಷ್ಟು ರಂಧ್ರ ಕತ್ತರಿಸಿ, ಅಂಚಿಗೆ ಕಾಜಾ ಹಾಕುವಂತೆ ಹೊಲಿದೂ ಕೊಟ್ಟರು.

ಆದರೆ ಬಟ್ಟೆಯ ಅಗಲ ನಾಲ್ಕೇ ಅಡಿ, ಗಾಜಿನ ಅಗಲ ಐದು ಅಡಿ. ಕನ್ನಡಿಯ ಲೆಕ್ಕದಲ್ಲಿ, ಕ್ಯಾಮೆರಾ ಇರುವ ಸಾಲಿನಲ್ಲಿ ಗಾಜಿನ ಎರಡರಷ್ಟು ಅಗಲ, ಅಂದರೆ ಹತ್ತು ಅಡಿ, ಗಾಜಿನಲ್ಲಿ ಕಾಣುತ್ತದೆ. ಅದಕ್ಕೆ ಮೂರು ಫೋಟೋ ತೆಗೆದೆವು. ಮೊದಲನೆಯದರಲ್ಲಿ ಬಟ್ಟೆ ನಡುವೆ, ರಂಧ್ರದಿಂದ ಲೆನ್ಸ್ ಹೊರಗೆ. ಎರಡನೆಯದರಲ್ಲಿ ತಮ್ಮಂದಿರು ಅದನ್ನು ಬಿದಿರಿಗೆ ಕಟ್ಟಿ ಎಡಕ್ಕೆ ಹಿಡಿದರು, ಮೂರನೆಯದರಲ್ಲಿ ಬಲಕ್ಕೆ. ಪ್ರತಿಸಲವೂ ಹಿಂದಿನ ಜಾಗದ ಅಂಚು ಸ್ವಲ್ಪ ಒಳಗೆ ಬರುವಂತೆ ನೋಡಿಕೊಂಡೆವು. ಫೋಕಸ್ ಮತ್ತು ಬೆಳಕಿನ ಅಳತೆಯನ್ನು ಮ್ಯಾನುವಲ್‌ನಲ್ಲಿ ಇಟ್ಟು ಮುಟ್ಟಲಿಲ್ಲ. ಅಂಗಡಿಯ ಫ್ಯಾನ್ ಆರಿಸಿದೆವು. ಗೌನು ಅಲುಗಾಡಿದರೆ ಮೂರು ಫೋಟೋ ಒಂದರ ಮೇಲೊಂದು ಕೂರುವುದಿಲ್ಲ, ಅಂಚುಗಳು ಎರಡೆರಡಾಗಿ ಕಾಣುತ್ತವೆ.

ಮನೆಗೆ ಬಂದು ಮೂರನ್ನೂ ಜಿಂಪ್‌ನಲ್ಲಿ ಪದರಗಳಾಗಿ ತೆರೆದು, ಮೇಲಿನ ಎರಡು ಪದರಗಳ ಮೋಡನ್ನು Darken only ಎಂದು ಬದಲಿಸಿದೆ. ಅದು ಪ್ರತಿ ಬಿಂದುವಿನಲ್ಲೂ ಮೂರರಲ್ಲಿ ಹೆಚ್ಚು ಕಪ್ಪಾದದ್ದನ್ನು ಉಳಿಸಿಕೊಳ್ಳುತ್ತದೆ. ಪ್ರತಿಬಿಂಬ ಬೆಳಕು ಕೂಡಿಸುವುದಾದ್ದರಿಂದ, ಹೆಚ್ಚು ಕಪ್ಪಾದದ್ದೇ ನಿಜವಾದ ಬಟ್ಟೆ. ನಾನು, ತಮ್ಮಂದಿರು, ಬೀದಿ, ಎಲ್ಲರೂ ಹೋದೆವು. ಕೋಟು ಉಳಿಯಿತು. ಮೇಲಿನ ಮೂಲೆಯಲ್ಲಿ ಎದುರಿನ ಬೀದಿದೀಪದ ಒಂದು ಚುಕ್ಕೆ ಮಾತ್ರ ಉಳಿದಿತ್ತು, ಅಷ್ಟು ಎತ್ತರಕ್ಕೆ ಬಟ್ಟೆ ಎಟುಕಿರಲಿಲ್ಲ. ಮೂರು ಫೋಟೋದಲ್ಲೂ ಇರುವ ಪ್ರತಿಬಿಂಬವನ್ನು ಈ ವಿಧಾನ ತೆಗೆಯಲಾರದು.

ನಿಮ್ಮ ಹತ್ತಿರ ಒಂದೇ ಹಳೆಯ ಫೋಟೋ ಇದ್ದರೆ, ಮಸುಕಾದ ಭಾಗವನ್ನು ಮಾತ್ರ ಆಯ್ದು ನಿಧಾನವಾಗಿ ಗಾಢಗೊಳಿಸಿ ನೋಡಿ. ಒಳಗಿನ ಹೊಲಿಗೆ ಅಲ್ಪಸ್ವಲ್ಪ ಕಂಡರೆ ಅದು ಮೇಲೆ ಬರುತ್ತದೆ. ಪೂರ್ತಿ ಬೆಳ್ಳಗಾಗಿದ್ದರೆ ಅಲ್ಲಿ ಏನೂ ಉಳಿದಿಲ್ಲ. ತುಂಬಿಸಿದರೆ ಅದು ನಿಮ್ಮ ಊಹೆಯಷ್ಟೆ.

ಪ್ರಿಂಟ್ ಹಾಕಿಸಿ ಕೊಟ್ಟಾಗ ಮಾಮ ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು. "ಈಗ ಸರಿ" ಎಂದರು. ಆ ಫೋಟೋ ಈಗ ಅವರ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲ್ಗಡೆ ಇದೆ. ಅದಕ್ಕೂ ಗಾಜು ಹಾಕಿಸಿದ್ದಾರೆ. ಹತ್ತಿರ ಹೋದರೆ ಮತ್ತೆ ನಾನೇ ಕಾಣುತ್ತೇನೆ!