‘ತಿಳಿಸ್ತೀವಿ’ ಅಂದವರಿಗೆ ಬರೆದ ನಾಲ್ಕು ಸಾಲು

ರಾಜಾಜಿನಗರದ ಒಂದು ಸುದ್ದಿ ವೆಬ್‌ಸೈಟ್ ಕಚೇರಿಯಲ್ಲಿ ಉಪಸಂಪಾದಕ ಕೆಲಸಕ್ಕೆ ಸಂದರ್ಶನ ಮುಗಿಸಿ ಎದ್ದಾಗ ಎಚ್‌ಆರ್ ಮೇಡಂ "ಒಂದು ವಾರದಲ್ಲಿ ತಿಳಿಸ್ತೀವಿ" ಅಂದರು. ಅವತ್ತು ಬುಧವಾರ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಕೆಂಗೇರಿಯ ಚಿಕ್ಕಮ್ಮನ ಮನೆ ಸೇರುವಷ್ಟರಲ್ಲಿ ಕೆಲಸ ಸಿಕ್ಕೇಬಿಟ್ಟಿತು ಅನ್ನಿಸಿತ್ತು. ಮುಂದಿನ ಬುಧವಾರ ಸಂಜೆಯಾದರೂ ಫೋನೂ ಇಲ್ಲ, ಮೇಲೂ ಇಲ್ಲ.

ಸುಮ್ಮನೆ ಕಾಯುವ ಹಾಗಿರಲಿಲ್ಲ. ವಿಜಯನಗರದಲ್ಲಿ ಒಂದು ರೂಮು ನೋಡಿಟ್ಟಿದ್ದೆ. ಭಾನುವಾರದೊಳಗೆ 40 ಸಾವಿರ ಅಡ್ವಾನ್ಸ್ ಕೊಡದಿದ್ದರೆ ಬೇರೆಯವರಿಗೆ ಕೊಡ್ತೀನಿ ಅಂತ ಓನರ್ ಹೇಳಿದ್ದರು. ಊರಿನ ವರದಿಗಾರಿಕೆ ಬಿಡಬೇಕೋ ಬೇಡವೋ ಅನ್ನುವುದೂ ಇದರ ಮೇಲೇ ನಿಂತಿತ್ತು.

ಅವತ್ತು ರಾತ್ರಿ ಕೂತು ಒಂದು ಮೇಲ್ ಬರೆದೆ. ಮೂರು ಪ್ಯಾರಾ. ಎಷ್ಟು ವರ್ಷದ ಅನುಭವ, ಮನೆಯ ಪರಿಸ್ಥಿತಿ, ದಯವಿಟ್ಟು ಅವಕಾಶ ಕೊಡಿ, ಎಲ್ಲವೂ ಇತ್ತು. ಕಳಿಸುವ ಮೊದಲು ಬಸವೇಶ್ವರನಗರದಲ್ಲಿರುವ ಗೆಳೆಯನಿಗೆ ತೋರಿಸಿದೆ. ಅವನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ನಾಲ್ಕು ವರ್ಷ ಇದ್ದವನು. ಓದಿ ಕೇಳಿದ: "ಲೋ, ಇದಕ್ಕೆ ಅವರು ಏನಂತ ಉತ್ತರ ಬರೀಬೇಕು? ನೀನು ಏನೂ ಕೇಳೇ ಇಲ್ವಲ್ಲ."

ನಿಜ. ಅಷ್ಟುದ್ದ ಬರೆದು ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ.

ಅವನು ಮೊದಲು ಲೆಕ್ಕ ಹಾಕಿಸಿದ. ಬುಧವಾರದಿಂದ ಬುಧವಾರಕ್ಕೆ ಏಳು ದಿನ ಹೌದು, ಆದರೆ ಶನಿವಾರ, ಭಾನುವಾರ ಮತ್ತೊಂದು ಸರ್ಕಾರಿ ರಜೆ ಕಳೆದರೆ ಕಚೇರಿ ನಡೆದದ್ದು ನಾಲ್ಕೇ ದಿನ. ಅವರು ಹೇಳಿದ ಗಡುವು ಮುಗಿದ ಮೇಲೆ ಒಂದೆರಡು ಕೆಲಸದ ದಿನ ಬಿಟ್ಟು ಕೇಳಿದರೆ ಅವಸರ ಅನ್ನಿಸುವುದಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಅಂತ ಆಯಿತು.

ಆಮೇಲೆ ಜಿಮೇಲ್‌ನ Spam ಮತ್ತು Promotions ನೋಡು ಅಂದ. ಅಲ್ಲಿ ಏನೂ ಇರಲಿಲ್ಲ. "ರೆಸ್ಯೂಮೆಯಲ್ಲಿರೋ ನಂಬರ್ ಚಾಲ್ತೀಲಿದೆಯಾ?" ಅಂದಾಗ ಎದೆ ಧಸಕ್ಕೆಂದಿತು. ಅದು ನನ್ನ ಹಳೇ ಸಿಮ್. ರೀಚಾರ್ಜ್ ಮುಗಿದು ಒಳಬರುವ ಕರೆಯೂ ನಿಂತಿತ್ತು. ಅವರು ಫೋನ್ ಮಾಡಿದ್ದರೂ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ! ಊರಲ್ಲಿ ಎರಡೆರಡು ಸಿಮ್ ಇಟ್ಟುಕೊಂಡವರು ಇದನ್ನು ಇವತ್ತೇ ನೋಡಿಕೊಳ್ಳಿ.

ಮೇಲ್ ಅನ್ನು ಹೊಸದಾಗಿ ಶುರುಮಾಡಲಿಲ್ಲ. ಸಂದರ್ಶನಕ್ಕೆ ಬನ್ನಿ ಅಂತ ಅವರು ಕಳಿಸಿದ್ದ ಹಳೇ ಮೇಲ್ ತೆರೆದು Reply ಒತ್ತಿದೆ. ವಿಷಯದ ಸಾಲನ್ನು ಮುಟ್ಟಲಿಲ್ಲ. ಅದನ್ನು ಬದಲಿಸಿದರೆ ಜಿಮೇಲ್‌ನಲ್ಲಿ ಅದು ಬೇರೆ ಮೇಲ್ ಆಗಿಬಿಡುತ್ತದೆ. ಹತ್ತಾರು ಜನರನ್ನು ಸಂದರ್ಶನ ಮಾಡಿದವರು ನಾನು ಯಾರು ಅಂತ ಹುಡುಕಬೇಕಾಗುತ್ತದೆ. ಹಳೇದಕ್ಕೇ ಉತ್ತರಿಸಿದರೆ ಹುದ್ದೆ, ದಿನಾಂಕ ಎಲ್ಲ ಕೆಳಗೇ ಇರುತ್ತದೆ. ಎಚ್‌ಆರ್‌ನವರು ಅದನ್ನು ಸಂಪಾದಕರಿಗೆ ಹಾಗೇ ಫಾರ್ವರ್ಡ್ ಮಾಡಬಹುದು.

ಬರೆದದ್ದು ಇಷ್ಟು:

"ಮೇಡಂ, ನಮಸ್ಕಾರ. ಕಳೆದ ವಾರ ಬುಧವಾರ ಉಪಸಂಪಾದಕ ಹುದ್ದೆಯ ಸಂದರ್ಶನಕ್ಕೆ ಬಂದಿದ್ದೆ. ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ. ಆಯ್ಕೆ ಯಾವ ಹಂತದಲ್ಲಿದೆ, ಯಾವ ದಿನಾಂಕದೊಳಗೆ ತಿಳಿಯಬಹುದು ಎಂದು ಹೇಳಿದರೆ ಅನುಕೂಲ. ರೆಸ್ಯೂಮೆಯಲ್ಲಿರುವ ನಂಬರ್ ಈಗ ಬಳಕೆಯಲ್ಲಿಲ್ಲ, ಹೊಸ ನಂಬರ್ ಕೆಳಗಿದೆ."

ಕೆಳಗೆ ಹೆಸರು, ನಂಬರ್. ‘ಇನ್ನೂ ಯಾಕೆ ಹೇಳಿಲ್ಲ’ ಅನ್ನುವ ಮಾತಿಲ್ಲ, ರೂಮಿನ ಕತೆಯಿಲ್ಲ. ದಿನಾಂಕ ಕೇಳಿದ್ದಕ್ಕೆ ಕಾರಣವಿದೆ: ‘ಆಯ್ಕೆ ಆಯ್ತಾ’ ಅಂತ ಕೇಳಿದರೆ ತೀರ್ಮಾನ ಆಗುವವರೆಗೂ ಅವರು ಉತ್ತರ ಕೊಡಲಾರರು. ದಿನಾಂಕವನ್ನು ಒಂದು ಸಾಲಿನಲ್ಲಿ ಹೇಳಬಹುದು.

ಬರೆದದ್ದು ಗುರುವಾರ ರಾತ್ರಿ. ಹನ್ನೊಂದು ಗಂಟೆಗೆ ಕಳಿಸಿದರೆ ಬೆಳಗಿನ ರಾಶಿಯ ಅಡಿಗೆ ಬೀಳುತ್ತೆ ಅಂತ ಗೆಳೆಯ ಮೇಲಿನ ಮೂರು ಚುಕ್ಕಿ ಒತ್ತಿಸಿ Schedule send ತೋರಿಸಿದ. ಮಾರನೇ ದಿನ ಹತ್ತೂವರೆಗೆ ಇಟ್ಟೆವು.

ಇದಕ್ಕೂ ಉತ್ತರ ಬರದಿದ್ದರೆ? ಒಂದು ವಾರ ಬಿಟ್ಟು ಇದೇ ಮೇಲ್‌ನ ಕೆಳಗೆ ಎರಡು ಸಾಲು ಬರೆ, ಆಮೇಲೆ ನಿಲ್ಲಿಸಿ ಬೇರೆ ಕಡೆ ಅರ್ಜಿ ಹಾಕು ಅಂದ. ಸಂಪಾದಕರ ವಾಟ್ಸ್ಆ್ಯಪ್ ನಂಬರ್ ನನ್ನ ಹತ್ತಿರ ಇತ್ತು, ಬೆರಳೂ ತುರಿಸುತ್ತಿತ್ತು. "ಅದನ್ನ ಮುಟ್ಬೇಡ" ಅಂತ ಗದರಿದ.

ಎರಡನೇ ಮೇಲ್ ಬೇಕಾಗಲಿಲ್ಲ. ಶನಿವಾರ ಮಧ್ಯಾಹ್ನ ಉತ್ತರ ಬಂತು. ಈ ತಿಂಗಳ ಬಜೆಟ್‌ಗೆ ಒಪ್ಪಿಗೆ ಸಿಕ್ಕಿಲ್ಲ, ಮುಂದಿನ ತಿಂಗಳ 10ರ ನಂತರವೇ ತೀರ್ಮಾನ, ಹಳೇ ನಂಬರಿಗೆ ಯಾರೂ ಕರೆ ಮಾಡಿರಲಿಲ್ಲ ಅಂತ. ಕೆಲಸ ಸಿಕ್ಕಿತು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ವಿಜಯನಗರದ ಓನರ್‌ಗೆ ಫೋನ್ ಮಾಡಿ ರೂಮು ಬೇಡ ಅಂದೆ. 40 ಸಾವಿರ ಖಾತೆಯಲ್ಲೇ ಉಳಿಯಿತು. ಸೋಮವಾರ ಬೆಳಿಗ್ಗೆ ಊರಿನ ಬಸ್ ಹತ್ತಿದೆ, ಅವತ್ತು ತಾಲ್ಲೂಕು ಪಂಚಾಯಿತಿ ಸಭೆಯ ವರದಿ ಕಳಿಸಬೇಕಿತ್ತು.