ಶ್ಯಾಲ್, ಶುಡ್, ಮಸ್ಟ್ ಮತ್ತು ವಿಯೆಟ್ನಾಮಿನ 'ಫಾಯ್'

ಆಫೀಸಿನಲ್ಲಿ ಈಚೆಗೆ ನನ್ನ ಪಾಲಿಗೆ ಬಂದ ಕೆಲಸ ಸ್ವಲ್ಪ ವಿಚಿತ್ರದ್ದು. ವಿದ್ಯುತ್ ಪ್ಯಾನೆಲ್‌ಗಳ ಇಂಗ್ಲಿಷ್ ಸ್ಟ್ಯಾಂಡರ್ಡ್ ಒಂದು ವಿಯೆಟ್ನಾಮಿ ಭಾಷೆಗೆ ಅನುವಾದವಾಗುತ್ತಿತ್ತು. ಅದನ್ನು ಮೂಲದ ಜೊತೆ ತಾಳೆ ನೋಡುವ ಸ್ಕ್ರಿಪ್ಟ್ ನಾನು ಬರೆಯಬೇಕಿತ್ತು. ಆ ಭಾಷೆ ನನಗೆ ಬರೋದಿಲ್ಲ. ಹನೋಯಿಯ ಅನುವಾದಕಿಯೊಬ್ಬರು ಫೋನಿನಲ್ಲಿ ಹೇಳಿಕೊಟ್ಟಷ್ಟೇ ನನ್ನ ಬಂಡವಾಳ :)

ಐಎಸ್‌ಒ ಪದ್ಧತಿಯಲ್ಲಿ 'ಶ್ಯಾಲ್' ಅಂದರೆ ಕಡ್ಡಾಯ, 'ಶುಡ್' ಅಂದರೆ ಶಿಫಾರಸು. 'ಮಸ್ಟ್' ಇರೋದು ಕಾನೂನಿನಂಥ ಹೊರಗಿನ ಕಟ್ಟುಪಾಡಿಗೆ ಮಾತ್ರ. ಇಂಟರ್ನೆಟ್‌ನವರ ಆರ್‌ಎಫ್‌ಸಿ 2119ರಲ್ಲಿ (1997) ಮಾತ್ರ ಶ್ಯಾಲ್, ಮಸ್ಟ್ ಎರಡೂ ಒಂದೇ. ಹಾಗಾಗಿ ಮೂಲ ಯಾವ ಮನೆತನದ್ದು ಅಂತ ಮೊದಲು ನೋಡಿಕೊಳ್ಳಬೇಕು.

ವಿಯೆಟ್ನಾಮಿಯಲ್ಲಿ ಕಡ್ಡಾಯಕ್ಕೆ 'ಫಾಯ್', ಶಿಫಾರಸಿಗೆ 'ನೆನ್'. ಶಾಲೆಯ ಇಂಗ್ಲಿಷ್ ನೆಚ್ಚಿಕೊಂಡವರು ಶ್ಯಾಲ್‌ಗೆ 'ಸೆ' ಅಂತ ಬರೆದುಬಿಡುತ್ತಾರೆ. ಅದು ಬರೀ ಭವಿಷ್ಯತ್ಕಾಲ. 'ಅರ್ತಿಂಗ್ ಮಾಡಬೇಕು' ಅನ್ನೋದು 'ಅರ್ತಿಂಗ್ ಮಾಡಲಾಗುವುದು' ಆಗುತ್ತೆ. ಯಾರು ಮಾಡ್ತಾರೆ? ಗುತ್ತಿಗೆದಾರ ಕೈ ತೊಳೆದುಕೊಳ್ಳಬಹುದು!

ಇದಕ್ಕಿಂತ ಅಪಾಯ ನಿಷೇಧದ ವಾಕ್ಯಗಳಲ್ಲಿ. 'ಕರೆಂಟ್ ಇರುವಾಗ ಮುಚ್ಚಳ ತೆರೆಯಬಾರದು' ಅನ್ನೋ ವಾಕ್ಯ ತಗೊಳ್ಳಿ. ಇಲ್ಲ ಅನ್ನೋದಕ್ಕೆ 'ಖೋಂಗ್', ಕಡ್ಡಾಯಕ್ಕೆ 'ಫಾಯ್', ಎರಡನ್ನೂ ಸೇರಿಸಿದರಾಯಿತು ಅನ್ನಿಸುತ್ತೆ. ಆದರೆ 'ಖೋಂಗ್ ಫಾಯ್' ಅಂದರೆ 'ತೆರೆಯಬೇಕಾಗಿಲ್ಲ'. ತೆರೆದರೂ ತಪ್ಪಿಲ್ಲ ಅಂದ ಹಾಗಾಯ್ತು! ನಿಷೇಧಕ್ಕೆ 'ಖೋಂಗ್ ದುವಕ್' ಬೇಕು. ನಮ್ಮ 'ಬೇಕು'ವಿಗೂ ಇದೇ ಕಥೆ ಅಲ್ವಾ? ಬೇಕಿಲ್ಲ ಬೇರೆ, ಬಾರದು ಬೇರೆ.

'ನೆನ್' ಕೂಡ ಸಾಧು ಪ್ರಾಣಿಯಲ್ಲ. 'ಆದ್ದರಿಂದ' ಅನ್ನೋ ಅರ್ಥವೂ ಅದಕ್ಕಿದೆ. ಉದ್ದದ ಕೇಬಲ್ಲನ್ನು ಪೈಪಿನಲ್ಲಿ ಹಾಕುವುದು ಒಳ್ಳೆಯದು ಅನ್ನೋ ಸಲಹೆಯನ್ನು, ಕೇಬಲ್ ಉದ್ದವಿದೆ, ಆದ್ದರಿಂದ ಪೈಪಿನಲ್ಲಿ ಹಾಕಿದೆ ಅಂತಲೂ ಓದಬಹುದು. ಅಂಥ ಕಡೆ ಆಕೆ ವಾಕ್ಯವನ್ನೇ ಬದಲಿಸಿ ಕಟ್ಟುತ್ತಿದ್ದರು. ಮಸ್ಟ್‌ಗೂ ಉಳಿಯೋದು 'ಫಾಯ್' ಒಂದೇ. ಅದಕ್ಕೇ ಅಲ್ಲಿ 'ಕಾನೂನಿನ ಪ್ರಕಾರ' ಅಂತ ಮೊದಲೇ ಸೇರಿಸಿದೆವು.

ಕೊನೆಗೆ ನನ್ನ ಸ್ಕ್ರಿಪ್ಟಿನ ತಿರುಳು ಇಷ್ಟೇ:

```
grep -nE 'sẽ|không phải' vi.txt
```

ಸಿಕ್ಕಿದ್ದೆಲ್ಲ ತಪ್ಪಲ್ಲ. 'ಅದಲ್ಲ' ಅನ್ನೋದಕ್ಕೂ ಅವರು 'ಖೋಂಗ್ ಫಾಯ್' ಅಂತಲೇ ಅನ್ನೋದು. ಹಾಗಾಗಿ ಸಿಕ್ಕ ಪ್ರತಿ ಸಾಲನ್ನೂ ಮೂಲದ ಪಕ್ಕ ಇಟ್ಟು ಆಕೆ ಓದಲೇಬೇಕಾಯ್ತು.

ನಮ್ಮ ಸರ್ಕಾರಿ ಆದೇಶಗಳ 'ಸಲ್ಲಿಸತಕ್ಕದ್ದು' ನೋಡಿ ನಾನೂ ನಕ್ಕವನೇ. ಈಗ ಆ 'ತಕ್ಕದ್ದು' ಮೇಲೆ ಗೌರವ ಬಂದಿದೆ. ಶ್ಯಾಲ್‌ಗೆ ಅಂತಲೇ ಎತ್ತಿಟ್ಟ ರೂಪ ಅದು. ಹಾಗಾದರೆ ಕನ್ನಡದಲ್ಲಿ ಶುಡ್‌ಗೆ ಏನು ಹಾಕೋಣ? 'ಒಳ್ಳೆಯದು' ಸಾಕಾ? ನಿಮಗೆ ಹೊಳೆದದ್ದು ತಿಳಿಸಿ.