ಗೋಡೆ ಕೊರೆಯದೆ ಫೈಬರ್

ಕೋಡಿಬಾಗದ ಬಾಡಿಗೆ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುವವರು "ಫೈಬರ್ ಹಾಕಿಸ್ಲಾ ಅಕ್ಕಾ?" ಎಂದಷ್ಟೇ ಕೇಳಿದರೆ ಮನೆಯೊಡತಿಯ ಕಣ್ಣಿಗೆ ಕಾಣುವುದು ಡ್ರಿಲ್ ಮಷಿನ್ ಮಾತ್ರ. ಆ ಹೆದರಿಕೆ ಸುಳ್ಳಲ್ಲ. ಚಿರೇಕಲ್ಲಿನ ಗೋಡೆಗೆ ಮಳೆ ಬಡಿಯುವ ಕಡೆ ತೂತು ಬಿದ್ದರೆ ನೀರು ಒಳಗಿಳಿದು ಸುಣ್ಣ ಉದುರುತ್ತದೆ.

ಹಾಗಾಗಿ ಕೇಳುವಾಗಲೇ ವಾಯರಿನ ದಾರಿ ಹೇಳಿಬಿಡಬೇಕು: "ಕಂಬದಿಂದ ಬರೋ ವಾಯರನ್ನ ಹಳೇ ಡಿಶ್ ವಾಯರಿನ ತೂತಿನಲ್ಲೇ ಒಳಗೆ ತರ್ತೇನೆ ಅಕ್ಕಾ. ಮೊಳೆ ಹೊಡೆಯೂದಿಲ್ಲ. ರೂಟರ್ ಕಪಾಟಿನ ಮೇಲೆ. ಮನೆ ಬಿಡುವಾಗ ಎಲ್ಲ ತೆಗೆಸ್ತೇನೆ." ಜೊತೆಗೆ ಆ ಜಾಗದ ಫೋಟೊ ವಾಟ್ಸಾಪಿಗೆ ಹಾಕಿದರೆ ಮುಂದೆ ಅಡ್ವಾನ್ಸ್ ಹಿಂದೆ ಪಡೆಯುವಾಗ ತಕರಾರಿರದು.

ಅಂಟಿನ ಕ್ಲಿಪ್ಪನ್ನು ನಾನಂತೂ ನಂಬುವುದಿಲ್ಲ. ತೇವದ ಗೋಡೆಯಲ್ಲಿ ಅದು ಕಳಚುವಾಗ ಬಣ್ಣದ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಕಿಟಕಿಯ ಸರಳಿಗೆ ಪ್ಲಾಸ್ಟಿಕ್ ಟೈ ಕಟ್ಟುವುದೇ ಮೇಲು, ಬಿಗಿಯಾಗಿ ಅಲ್ಲ. ತೂತಿನ ಹೊರಗೆ ವಾಯರು ಒಮ್ಮೆ ಕೆಳಗೆ ಜೋತು, ಮತ್ತೆ ಮೇಲೇರಿ ಒಳಬರಬೇಕು. ಆಗ ಅದರ ಗುಂಟ ಹರಿಯುವ ಮಳೆನೀರು ಜೋತಲ್ಲೇ ತೊಟ್ಟಿಕ್ಕುತ್ತದೆ.

ಕಿಟಕಿಯ ಸಂದಿಯಲ್ಲೇ ತರುವುದಾದರೆ ಬಾಗಿಲು ಮುಚ್ಚುವಾಗ ಅದು ವಾಯರನ್ನು ಅಮುಕಬಾರದು. ಒಳಗಿರುವುದು ಕೂದಲೆಳೆಯಷ್ಟು ಸಣ್ಣ ಗಾಜು; ಚೂಪಾಗಿ ಬಾಗಿದರೆ ಬೆಳಕು ಸೋರುತ್ತದೆ, ವೇಗ ತಗ್ಗುತ್ತದೆ, ಮೀಟಿಂಗ್ ತಡವರಿಸುತ್ತದೆ. ರೂಟರ್ ಪೆಟ್ಟಿಗೆಯಲ್ಲಿ LOS ಎಂಬಲ್ಲಿ ಕೆಂಪು ದೀಪ ಮಿನುಗಿದರೆ ಬೆಳಕು ಬರುತ್ತಲೇ ಇಲ್ಲ ಎಂದು ಅರ್ಥ. ರೂಟರನ್ನು ಬೈಯುವ ಮೊದಲು ಆ ಕಿಟಕಿ ತೆಗೆದು ನೋಡಿ.